ಇಒಕ್ಯೂ ಲೆಕ್ಕ ಕೊನೆಗೂ ಗೋದಾಮಿನಲ್ಲಿ ನಿಂತದ್ದು ಹೇಗೆ: ನನ್ನ ಅನುಭವ

ಸೂತ್ರ ನಿಮಗೆಲ್ಲ ಗೊತ್ತಿರುವುದೇ. ಒಂದು ಸಲಕ್ಕೆ ಎಷ್ಟು ಮಾಲು ತರಿಸಿದರೆ ವರ್ಷದ ಖರ್ಚು ಕನಿಷ್ಠವಾಗುತ್ತದೆ ಎಂದು ಹೇಳುವ ಲೆಕ್ಕವೇ ಇಒಕ್ಯೂ. 1913ರಲ್ಲಿ ಫೋರ್ಡ್ ಹ್ಯಾರಿಸ್ ಬರೆದದ್ದು ಇಂದಿಗೂ ಹಾಗೇ ಇದೆ. Q ಎಂದರೆ ಒಂದು ಸಲಕ್ಕೆ ತರಿಸುವ ಪ್ರಮಾಣ, D ವರ್ಷದ ಬೇಡಿಕೆ, S ಒಂದು ಆರ್ಡರ್‌ಗೆ ತಗಲುವ ಖರ್ಚು, H ಒಂದು ವಸ್ತುವನ್ನು ಒಂದು ವರ್ಷ ಇಟ್ಟುಕೊಳ್ಳುವ ಖರ್ಚು.

```
Q = sqrt(2*D*S/H)
```

"ಇದು ಪರೀಕ್ಷೆಗೆ ಓದೋ ಲೆಕ್ಕ, ಗೋದಾಮಿಗೆ ಆಗಲ್ಲ" ಎಂದು ಸ್ಟೋರ್ಸ್‌ನವರು ಹೇಳುತ್ತಲೇ ಇದ್ದರು. ಮೊದಲ ಸುತ್ತಿನಲ್ಲಿ ಅವರ ಮಾತೇ ನಿಜವಾಯಿತು. ಆದರೆ ಕೆಟ್ಟದ್ದು ಸೂತ್ರವಲ್ಲ, ಅದಕ್ಕೆ ನಾನು ಹಾಕಿದ S ಮತ್ತು H.

ವಸ್ತು ರಟ್ಟಿನ ಪೆಟ್ಟಿಗೆ. ವರ್ಷಕ್ಕೆ ಸುಮಾರು 12,000 ಬೇಕು, ಒಂದಕ್ಕೆ 50 ರೂಪಾಯಿ ಎಂದಿಟ್ಟುಕೊಳ್ಳಿ. ಪರ್ಚೇಸ್ ವಿಭಾಗದ ವರ್ಷದ ಖರ್ಚನ್ನೆಲ್ಲ ಕೂಡಿಸಿ ಆರ್ಡರ್‌ಗಳ ಸಂಖ್ಯೆಯಿಂದ ಭಾಗಿಸಿದಾಗ ಒಂದು ಆರ್ಡರ್‌ಗೆ 2,400 ಬಂತು. H ಎಂದರೆ ಬಡ್ಡಿ ಮಾತ್ರ ಎಂದುಕೊಂಡು ಪೆಟ್ಟಿಗೆಗೆ ವರ್ಷಕ್ಕೆ ಸುಮಾರು 5 ಹಾಕಿದೆ. ಉತ್ತರ ಸುಮಾರು 3,400. ಅಷ್ಟು ತರಿಸಿದ ಮೇಲೆ ಕೆಳಗಿನ ಸಾಲುಗಳು ತೇವ ಹಿಡಿದು ಕುಸಿದವು, ಲೇಬಲ್ ಬದಲಾದಾಗ ಉಳಿದ ಮಾಲು ರದ್ದಿಗೆ ಹೋಯಿತು.

ಆಮೇಲೆ ಒಂದೊಂದು ಖರ್ಚಿಗೂ ಒಂದೇ ಪ್ರಶ್ನೆ ಕೇಳಿದೆ: ಈ ವರ್ಷ ಒಂದು ಆರ್ಡರ್ ಕಡಿಮೆ ಮಾಡಿದರೆ ಈ ಹಣ ಉಳಿಯುತ್ತದೆಯೇ? ಸಂಬಳ ಉಳಿಯುವುದಿಲ್ಲ, ಆದ್ದರಿಂದ ಅದು ಹೊರಗೆ. ಇಳಿಸುವ ಕೂಲಿ ಪೆಟ್ಟಿಗೆ ಲೆಕ್ಕದಲ್ಲಿ ಹೋಗುತ್ತದೆ. ಎಷ್ಟು ಸಲ ತರಿಸಿದರೂ ವರ್ಷದ ಮೊತ್ತ ಅಷ್ಟೇ, ಅದೂ ಹೊರಗೆ. ಉಳಿದದ್ದು ಲಾರಿಯ ಕನಿಷ್ಠ ಬಾಡಿಗೆ 450, ಹೊರಗಿನಿಂದ ಬಂದು ಮಾಲು ಪರೀಕ್ಷಿಸುವವರಿಗೆ 150. S ಎಂದರೆ 600, ಅಷ್ಟೇ. H ಮಾತ್ರ ಬೆಳೆಯಿತು: ಬಡ್ಡಿ ಶೇ. 11, ತೇವ ಮತ್ತು ಹರಿದುಹೋಗುವುದಕ್ಕೆ 3, ಮುದ್ರಣ ಹಳತಾಗುವುದಕ್ಕೆ 4, ಜಾಗಕ್ಕೆ 2. ಒಟ್ಟು ಶೇ. 20, ಅಂದರೆ ಪೆಟ್ಟಿಗೆಗೆ 10 ರೂಪಾಯಿ. ಜಾಗದ ಬಾಡಿಗೆಯನ್ನು ಸೇರಿಸುವುದು, ಖಾಲಿಯಾದ ಜಾಗ ನಿಜಕ್ಕೂ ಬೇರೆ ಕೆಲಸಕ್ಕೆ ಬರುವುದಾದರೆ ಮಾತ್ರ.

ಹೊಸ ಉತ್ತರ 1,200. ವರ್ಷಕ್ಕೆ ಹತ್ತು ಆರ್ಡರ್‌ಗೆ 6,000, ಸರಾಸರಿ 600 ಪೆಟ್ಟಿಗೆ ಇಟ್ಟುಕೊಳ್ಳಲು 6,000, ಒಟ್ಟು 12,000 ರೂಪಾಯಿ. ಹಳೆಯ 3,400ಕ್ಕೆ ಇದೇ ದರ ಹಾಕಿ ನೋಡಿದರೆ 19,000 ದಾಟುತ್ತದೆ.

ಹಾಗೆಂದು 1,200ಕ್ಕೇ ಜೋತುಬೀಳಬೇಕಿಲ್ಲ. ತಿಂಗಳಿಗೊಮ್ಮೆ 1,000 ತರಿಸಿದರೆ ಒಟ್ಟು ಖರ್ಚು 12,200, 1,500 ತರಿಸಿದರೆ 12,300. ತಳದಲ್ಲಿ ಈ ವಕ್ರರೇಖೆ ಅಷ್ಟು ಚಪ್ಪಟೆ. ನಾನು 1,000ಕ್ಕೆ ನಿಲ್ಲಿಸಿದೆ. ತಿಂಗಳ ಲೆಕ್ಕ ಎಲ್ಲರ ನೆನಪಿನಲ್ಲೂ ಇರುತ್ತದೆ. S ಅಂದಾಜು ಶೇ. 20ರಷ್ಟು ತಪ್ಪಿದರೂ ಚಿಂತೆಯಿಲ್ಲ. ಆದರೆ ಮೇಲಿನಂತೆ S ನಾಲ್ಕು ಪಟ್ಟು ಹೆಚ್ಚಾಗಿ, H ಅರ್ಧಕ್ಕಿಳಿದು, ಎರಡು ತಪ್ಪೂ ಒಂದೇ ದಿಕ್ಕಿಗೆ ಎಳೆದರೆ ಆ ಚಪ್ಪಟೆತನ ನಿಮ್ಮನ್ನು ಕಾಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒಬ್ಬರೇ ಸರಬರಾಜುದಾರರಿಂದ ನಾಲ್ಕು ಅಳತೆಯ ಪೆಟ್ಟಿಗೆ ಬರುತ್ತವೆ, ಬಳಕೆಯೂ ಬೆಲೆಯೂ ಹೆಚ್ಚುಕಡಿಮೆ ಒಂದೇ. ಬೇರೆಬೇರೆ ಲೆಕ್ಕ ಹಾಕಿದರೆ ಒಂದೇ ದಾರಿಗೆ ನಾಲ್ಕು ಲಾರಿಯ ಬಾಡಿಗೆ. ಒಟ್ಟಿಗೆ ತರಿಸಿದರೆ 450 ಒಂದೇ ಸಲ, ಪರೀಕ್ಷೆಯ 150 ಮಾತ್ರ ಪ್ರತಿ ಅಳತೆಗೂ, ಒಟ್ಟು 1,050. ಆಗ 24 ದಿನಕ್ಕೊಮ್ಮೆ ನಾಲ್ಕನ್ನೂ ಸುಮಾರು 800ರಂತೆ ತರಿಸುವುದು ಸರಿಹೋಗುತ್ತದೆ. ವರ್ಷದ ಖರ್ಚು 48,000ದಿಂದ 32,000ದ ಆಸುಪಾಸಿಗೆ ಇಳಿಯಿತು. ಸ್ಟೋರ್ಸ್‌ನವರು ಬಾಯಿಬಿಟ್ಟು ಒಪ್ಪಿದ್ದು ಇದಾದ ಮೇಲೆಯೇ.

ಸೂತ್ರ ನಿಜವಾಗಿ ಕೈಕೊಡುವುದು ಬೇಡಿಕೆ ಏರಿಳಿದಾಗ. 12,000ದಲ್ಲಿ 9,000 ಮೂರೇ ತಿಂಗಳಲ್ಲಿ ಹೋಗುವ ಅಳತೆಯೊಂದಿತ್ತು. ಸೀಸನ್‌ನಲ್ಲಿ 1,200 ಪೆಟ್ಟಿಗೆ ಹನ್ನೆರಡು ದಿನಕ್ಕೆ ಖಾಲಿ. ಉಳಿದ ಕಾಲದಲ್ಲಿ ಮೂರೂವರೆ ತಿಂಗಳು ಕೊಳೆಯುತ್ತವೆ. ವರ್ಷದ D ಹಾಕಿದರೆ ಎರಡು ಕಾಲಕ್ಕೂ ಹೊಂದದ ಸಂಖ್ಯೆ ಸಿಗುತ್ತದೆ. ನಾನು ಎರಡಾಗಿ ಒಡೆದೆ. ಸೀಸನ್‌ನ ವೇಗ ವರ್ಷವಿಡೀ ಇದ್ದಿದ್ದರೆ D 36,000 ಆಗುತ್ತಿತ್ತು, Q ಸುಮಾರು 2,100. ಉಳಿದ ಒಂಬತ್ತು ತಿಂಗಳ ವೇಗಕ್ಕೆ D 4,000, Q ಸುಮಾರು 700.

ಆದರೂ ಸೀಸನ್ ಮುಗಿಯುವ ಅಂಚಿನಲ್ಲಿ ಸೂತ್ರಕ್ಕೆ ಕಣ್ಣಿಲ್ಲ. ಬೇಡಿಕೆ ಎಂದೆಂದಿಗೂ ಇದೇ ವೇಗದಲ್ಲಿ ಇರುತ್ತದೆ ಎಂದೇ ಅದು ನಂಬಿರುತ್ತದೆ. ಕೊನೆಯ ದಿನಗಳಲ್ಲಿ 2,100 ತರಿಸಿದರೆ ಆರು ತಿಂಗಳವರೆಗಿನ ಮಾಲು ಕುತ್ತಿಗೆಗೆ ಬೀಳಬಹುದು. ಅಲ್ಲಿ ಸೂತ್ರವನ್ನು ಮುಚ್ಚಿಟ್ಟು, ಸೀಸನ್‌ನ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ, ಉಳಿದ ಬೇಡಿಕೆಯಲ್ಲಿ ಕೈಯಲ್ಲಿರುವುದನ್ನು ಕಳೆದು, ಅಷ್ಟನ್ನೇ ತರಿಸುತ್ತೇನೆ. ಕೊನೆಯ ಆರ್ಡರ್ ಯಾವುದು ಎಂದು ಎರಡು ವಾರ ಮೊದಲೇ ಗುರುತಿಸಲು ನನ್ನದೇ ಒಂದು ಗುರುತಿದೆ; ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.