ಕ್ಲೋಜ್ ಪ್ಯಾಸೇಜ್ ನಾನು ಬಿಡಿಸುವ ರೀತಿ

ಕೇಂದ್ರ ಸರ್ಕಾರದ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಗೆ ಓದುವಾಗ ಇಂಗ್ಲಿಷ್ ವಿಭಾಗದಲ್ಲಿ ನಾನು ತುಂಬಾ ಇಷ್ಟಪಟ್ಟು ಅಭ್ಯಾಸ ಮಾಡಿದ್ದು ಕ್ಲೋಜ್ ಪ್ಯಾಸೇಜ್. ಒಂದು ಪ್ಯಾರಾದಲ್ಲಿ ಐದು ಖಾಲಿ ಜಾಗ, ಒಂದೊಂದಕ್ಕೂ ನಾಲ್ಕು ಆಯ್ಕೆ. ಮೊದಲ ಹಂತದ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಾದರೆ 0.50 ಕಟ್. ಇದು ಶಬ್ದಭಂಡಾರದ ಪರೀಕ್ಷೆ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಆದರೆ ಐದರಲ್ಲಿ ಎರಡು ಮೂರಕ್ಕೆ ಹೊಸ ಪದ ಗೊತ್ತಿರಬೇಕಾದ್ದೇ ಇಲ್ಲ, ಉತ್ತರ ವಾಕ್ಯದ ಕಟ್ಟಿನಲ್ಲೇ ಇರುತ್ತದೆ.

ಮೊದಲು ಆಯ್ಕೆಗಳ ಕಡೆ ಕಣ್ಣು ಹಾಕದೆ ಇಡೀ ಪ್ಯಾರಾ ಓದಿಬಿಡುತ್ತೇನೆ. ಆಯ್ಕೆ ನೋಡಿದರೆ ಮನಸ್ಸು ಅದರಲ್ಲೊಂದನ್ನು ಹಿಡಿದುಕೊಂಡು ಬಿಡುತ್ತದೆ, ಆಮೇಲೆ ಅದನ್ನೇ ಸರಿ ಅಂತ ಸಾಧಿಸಲು ಹೊರಡುತ್ತದೆ.

ಮಾತಿಗೆ ನಾನೇ ಬರೆದ ಒಂದು ಚಿಕ್ಕ ಪ್ಯಾರಾ ತೆಗೆದುಕೊಳ್ಳೋಣ, ನಮ್ಮ ಕಡೆಯ ಕೆರೆಯ ವಿಷಯ:

(1)___ ದಿ ರೇನ್ ವಾಸ್ ಹೆವಿ, ದಿ ಟ್ಯಾಂಕ್ ಡಿಡ್ ನಾಟ್ ಫಿಲ್. ಇನ್ ಜೂನ್ (2)___ ಎಂಜಿನಿಯರ್ ಕೇಮ್ ಟು ದಿ ವಿಲೇಜ್. ಹಿ ಫೌಂಡ್ ದಟ್ ನೈದರ್ ದಿ ಬಂಡ್ (3)___ ದಿ ಸ್ಲೂಯಿಸ್ ವಾಸ್ ಡ್ಯಾಮೇಜ್ಡ್. ದಿ ಫೀಡರ್ ಚಾನಲ್, (4)___, ವಾಸ್ ಫುಲ್ ಆಫ್ ಸಿಲ್ಟ್. ಸೋ (5)___ ವಾಟರ್ ಕೇಮ್ ಥ್ರೂ ಇಟ್ ದಟ್ ದಿ ಫೀಲ್ಡ್ಸ್ ಸ್ಟೇಡ್ ಡ್ರೈ.

ನಾನು ಒಂದರಿಂದ ಶುರು ಮಾಡುವುದಿಲ್ಲ, ಮೂರರಿಂದ. 'ನೈದರ್' ಬಂದಮೇಲೆ 'ನಾರ್' ಬರಲೇಬೇಕು. ಇಂಥ ಜೋಡಿಗಳು ಮೊದಲು ಮುಗಿಯಲಿ, ಒಂದು ಜಾಗ ಗಟ್ಟಿಯಾದರೆ ಸುತ್ತಲಿನ ಅರ್ಥವೂ ನಿಲ್ಲುತ್ತದೆ. ಈಗ ಏರಿಯೂ ಹಾಳಾಗಿಲ್ಲ, ತೂಬೂ ಹಾಳಾಗಿಲ್ಲ ಅನ್ನುವುದು ಖಚಿತ.

ಅದರಿಂದಲೇ ನಾಲ್ಕನೆಯದು ಸಿಗುತ್ತದೆ. ಹಿಂದಿನ ವಾಕ್ಯದಲ್ಲಿ ಎಲ್ಲ ಸರಿ ಇದೆ, ಈ ವಾಕ್ಯದಲ್ಲಿ ಕಾಲುವೆ ತುಂಬಾ ಹೂಳು. ಅಂದರೆ ಮಾತು ತಿರುಗಿದೆ. ಆಯ್ಕೆಗಳಲ್ಲಿ 'ದೇರ್‌ಫೋರ್', 'ಮೋರೋವರ್', 'ಬಟ್', 'ಹೌಎವರ್' ಇದ್ದರೆ ಮೊದಲೆರಡು ಹೋದವು: ಒಂದು ಫಲಿತಾಂಶ ಹೇಳುತ್ತದೆ, ಇನ್ನೊಂದು ಅದೇ ದಿಕ್ಕಿನಲ್ಲಿ ಇನ್ನಷ್ಟು ಸೇರಿಸುತ್ತದೆ. 'ಬಟ್' ಅರ್ಥಕ್ಕೆ ಹೊಂದುತ್ತದೆ, ಆದರೆ ಹೀಗೆ ಎರಡು ಅಲ್ಪವಿರಾಮಗಳ ನಡುವೆ ಒಂಟಿಯಾಗಿ ಕೂರುವುದಿಲ್ಲ. ಉಳಿದದ್ದು 'ಹೌಎವರ್'. ಅಲ್ಪವಿರಾಮ ಕೂಡ ಸುಳಿವೇ, ಅದನ್ನು ದಾಟಿ ಓದಬೇಡಿ.

ಒಂದನೆಯದರಲ್ಲಿ ಎಡವುವವರು ಜಾಸ್ತಿ. ಮಳೆ ಜೋರಾಗಿ ಬಂದರೂ ಕೆರೆ ತುಂಬಲಿಲ್ಲ, ಹಾಗಾಗಿ 'ಬಿಕಾಸ್' ಅಲ್ಲ ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಜಗಳ ಇರುವುದು 'ಡಿಸ್ಪೈಟ್' ಮತ್ತು 'ಆಲ್ದೋ' ನಡುವೆ. ಅರ್ಥದಿಂದ ಇದು ಬಗೆಹರಿಯುವುದಿಲ್ಲ, ಖಾಲಿ ಜಾಗದ ಮುಂದೆ ಏನಿದೆ ನೋಡಬೇಕು. 'ದಿ ರೇನ್ ವಾಸ್ ಹೆವಿ' ಅಂತ ಕರ್ತೃ, ಕ್ರಿಯಾಪದ ಎರಡೂ ಇರುವ ಪೂರ್ತಿ ಮಾತಿದೆ, ಆದ್ದರಿಂದ 'ಆಲ್ದೋ'. ಬರೀ 'ದಿ ಹೆವಿ ರೇನ್' ಅಂತ ಇದ್ದಿದ್ದರೆ 'ಡಿಸ್ಪೈಟ್'. ನಾನು ಇಲ್ಲಿ ಹುಡುಕುವುದು ಒಂದನ್ನೇ: ಅಲ್ಪವಿರಾಮಕ್ಕಿಂತ ಮುಂಚೆ ಕಾಲ ತೋರಿಸುವ ಕ್ರಿಯಾಪದ ಇದೆಯಾ?

ಎರಡನೆಯದು ಆರ್ಟಿಕಲ್. ನಮಗೆ ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ಇದು ಕೈಕೊಡುತ್ತದೆ. ನಾನು ಹಿಂದಕ್ಕೆ ಹೋಗಿ ನೋಡುತ್ತೇನೆ, ಈ ಎಂಜಿನಿಯರ್ ಮೊದಲೇ ಬಂದಿದ್ದಾನಾ? ಇಲ್ಲ, ಯಾರೋ ಒಬ್ಬ, ಇದೇ ಮೊದಲ ಸಲ. ಹಾಗಾಗಿ 'ದಿ' ಬೇಡ. ಎಣಿಸಬಹುದಾದ ಏಕವಚನ, ಆದ್ದರಿಂದ ಆರ್ಟಿಕಲ್ ಇಲ್ಲದೆಯೂ ನಿಲ್ಲದು. ಶುರುವಾಗುವುದು ಸ್ವರದ ಉಚ್ಚಾರಣೆಯಿಂದ, ಹಾಗಾಗಿ 'ಆ್ಯನ್'. ಇಲ್ಲಿ ಕಿವಿಯನ್ನೇ ನಂಬಬೇಕು: 'ಯೂನಿವರ್ಸಿಟಿ'ಗೆ 'ಎ', 'ಆನೆಸ್ಟ್ ಮ್ಯಾನ್'ಗೆ 'ಆ್ಯನ್'. ಇದು ತಿರುವುಮುರುವಾಗಿಯೂ ಉಪಯೋಗಕ್ಕೆ ಬರುತ್ತದೆ. ಖಾಲಿ ಜಾಗದ ಹಿಂದೆಯೇ 'ಆ್ಯನ್' ಅಂತ ಅಚ್ಚಾಗಿದ್ದರೆ ವ್ಯಂಜನದ ಉಚ್ಚಾರಣೆಯಿಂದ ಶುರುವಾಗುವ ಆಯ್ಕೆಗಳೆಲ್ಲ ಅಲ್ಲೇ ಔಟ್, ಅವುಗಳ ಅರ್ಥ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಐದನೆಯದಕ್ಕೆ 'ಫ್ಯೂ', 'ಮಚ್', 'ಎ ಲಿಟಲ್', 'ಲಿಟಲ್' ಕೊಟ್ಟಿದ್ದಾರೆ ಅನ್ನಿ. ನೀರನ್ನು ಎಣಿಸಲಾಗದು, 'ಫ್ಯೂ' ಹೋಯಿತು. ಹಿಂದೆ 'ಸೋ' ಇರುವುದರಿಂದ 'ಎ ಲಿಟಲ್' ಕೂರುವುದಿಲ್ಲ. ಖಾಲಿ ಜಾಗದವರೆಗೆ ಮಾತ್ರ ಓದಿದವರಿಗೆ 'ಸೋ ಮಚ್ ವಾಟರ್' ಚೆನ್ನಾಗಿಯೇ ಕೇಳಿಸುತ್ತದೆ. ಪೂರ್ಣವಿರಾಮದವರೆಗೆ ಹೋದರೆ ಹೊಲ ಒಣಗೇ ಉಳಿದಿದೆ, ಅಲ್ವಾ? 'ಲಿಟಲ್' ಬಿಟ್ಟರೆ ಬೇರೆ ದಾರಿಯಿಲ್ಲ. 'ಸೋ' ಕಂಡರೆ ನಾನು 'ದಟ್' ಹುಡುಕುತ್ತೇನೆ, ಕಾರಣ ಮೊದಲು, ಪರಿಣಾಮ ಆಮೇಲೆ.

ಈ ವಿಧಾನ ಎಲ್ಲಕ್ಕೂ ನಡೆಯುವುದಿಲ್ಲ. 'ಕಂಪ್ಲೈ' ಆದಮೇಲೆ 'ವಿತ್', 'ಇನ್ಸಿಸ್ಟ್' ಆದಮೇಲೆ 'ಆನ್' ಯಾಕೆ ಅಂತ ತರ್ಕ ಹೇಳಲಾರದು, ಅವು ಬಳಕೆಯಿಂದ ಬಂದವು. ಅಂಥವನ್ನು ಪತ್ರಿಕೆ ಓದುವಾಗ ಇಡೀ ವಾಕ್ಯದ ಸಮೇತ ಬರೆದಿಟ್ಟುಕೊಂಡೆ. ಹತ್ತಿರದ ಅರ್ಥದ ನಾಲ್ಕು ವಿಶೇಷಣ ಕೊಟ್ಟಾಗಲೂ ಹಾಗೇ, ಪದ ಗೊತ್ತಿರಲೇಬೇಕು. ಪರೀಕ್ಷೆಯಲ್ಲಿ ಅಂಥ ಜಾಗ ಬಂದರೆ ಕೊನೆಗೆ ಬಿಡುತ್ತೇನೆ. ಎರಡು ಆಯ್ಕೆಯನ್ನಾದರೂ ಕಾರಣ ಸಮೇತ ಹೊಡೆದುಹಾಕಲು ಆದರೆ ಉಳಿದ ಎರಡರಲ್ಲಿ ಒಂದನ್ನು ಗುರುತಿಸುತ್ತೇನೆ, ಆಗದಿದ್ದರೆ ಸುಮ್ನೆ ಮುಂದಿನ ಪ್ರಶ್ನೆಗೆ ಹೋಗುತ್ತೇನೆ.