ಉಣ್ಣೆಯ ಕೆಂದಳಿಲು ಒಳಗೆ ಮೆತ್ತಗೇ ಉಳಿದರೆ

ಮಡಿಕೇರಿಯ ಮಳೆಗಾಲದಲ್ಲಿ ಉಣ್ಣೆಯನ್ನು ಕಚ್ಚುಳ್ಳ ಸೂಜಿಯಿಂದ ಚುಚ್ಚಿ ಚುಚ್ಚಿ ಗಟ್ಟಿಯಾಗಿಸಿ ಅಂಗೈಯಗಲದ ಕೆಂದಳಿಲಿನ ಗೊಂಬೆ ಮಾಡುತ್ತಿದ್ದೆ. ನೋಡಲು ನುಣುಪು, ಒತ್ತಿದರೆ ಹೊಟ್ಟೆ ಕುಸಿದು ಮೇಲಿನ ಕೆಂಚು ಉಣ್ಣೆ ಸುಕ್ಕಾಗುತ್ತಿತ್ತು. ಇನ್ನಷ್ಟು ಉಣ್ಣೆ ಸುತ್ತಿದರೆ ದಪ್ಪವಾಯಿತೇ ಹೊರತು ಗಟ್ಟಿಯಾಗಲಿಲ್ಲ. 40ನೇ ಗೇಜಿನ ಸಣ್ಣ ಸೂಜಿಯಿಂದ ಚುಚ್ಚಿದರೆ ಹೊರಪದರವಷ್ಟೇ ಬಿಗಿಯಾಯಿತು.

ಸರಿಹೋದದ್ದು ಒಳತಿರುಳನ್ನು ಮೊದಲೇ ಗಟ್ಟಿ ಮಾಡಿದಾಗ. ಬಣ್ಣ ಹಾಕದ, ಗಿಡ್ಡ ಎಳೆಯ ಉಣ್ಣೆಯನ್ನು ಚಾಪೆಯಂತೆ ಬಿಗಿಯಾಗಿ ಸುರುಳಿ ಸುತ್ತಿ. ಸುತ್ತುತ್ತಲೇ 36ರ ದಪ್ಪ ಸೂಜಿಯಿಂದ ನಡುವಿನವರೆಗೂ ಚುಚ್ಚಿ, ತಿರುಗಿಸುತ್ತಾ ಎಲ್ಲ ಕಡೆಯಿಂದಲೂ. ಸೂಜಿ ಹೋದ ದಾರಿಯಲ್ಲೇ ಹೊರಬರಲಿ, ಓರೆಯಾದರೆ ಮುರಿಯುತ್ತದೆ. ತಿರುಳು ಅಂತಿಮ ಗಾತ್ರಕ್ಕಿಂತ ತುಸು ಚಿಕ್ಕದಿರಬೇಕು. ಹೆಬ್ಬೆರಳಿನಿಂದ ಅದುಮಿದಾಗ ತಗ್ಗು ಬೀಳದಿದ್ದರೆ ಮಾತ್ರ ಬಣ್ಣದ ಉಣ್ಣೆ: ಹಿಂದಿನದು ಕಾಣುವಷ್ಟು ತೆಳು ಪದರ, 38ರ ಸೂಜಿ, ಕೊನೆಗೆ 40, ಆಳಕ್ಕಿಳಿಸದೆ.