ಹಳೇ ಸೈಕಲ್ ವ್ಯಾಪಾರ: ಲಾಭ ಕೊಳ್ಳುವಾಗಲೇ

ಮೈಸೂರಿನಲ್ಲಿ ಹಳೇ ಸೈಕಲ್ ಕೊಂಡು, ರಿಪೇರಿ ಮಾಡಿ ಮಾರುತ್ತೇನೆ. ನನ್ನ ಸರಕು ಹೆಚ್ಚಾಗಿ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಮೂಲೆಯಲ್ಲಿ ಧೂಳು ಹಿಡಿದು ನಿಂತವು. ಮಗ ಉದ್ದವಾದ, ಸೈಕಲ್ ಮೂಲೆ ಸೇರಿತು, ಅಷ್ಟೇ ಕಥೆ. ಏಪ್ರಿಲ್‌ನಲ್ಲಿ ಕೊಂಡರೆ ಶಾಲೆ ಶುರುವಾಗುವ ಹೊತ್ತಿಗೆ ಗಿರಾಕಿ ತಾವಾಗಿಯೇ ಬರುತ್ತಾರೆ.

ಧೂಳು, ಪಂಕ್ಚರ್, ತುಕ್ಕು ಹಿಡಿದ ಚೈನ್ ನೋಡಿ ನಾನು ಹೆದರುವುದಿಲ್ಲ. ಬೆಲೆ ಇಳಿಸೋಕೆ ಅವೇ ನೆಪ. ಮೊದಲು ಕೂತು ನೋಡುವುದು ಹ್ಯಾಂಡಲ್ ಕೆಳಗೆ, ಫ್ರೇಮಿನ ಕೊಳವೆಗಳು ಸೇರುವ ಜಾಗ. ಅಲ್ಲಿ ಕೆಳಗಿನ ಕೊಳವೆಯ ಪೇಂಟ್ ಸುಕ್ಕುಗಟ್ಟಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಸೈಕಲ್ ಎದುರಿಗೆ ಏನಕ್ಕೋ ಜೋರಾಗಿ ಗುದ್ದಿದೆ ಎಂದರ್ಥ. ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹಿಂದಕ್ಕೆ ಬಾಗಿದ್ದರೂ ಅದೇ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ತರುವುದಿಲ್ಲ.

ಆಮೇಲೆ ಚಕ್ರ. ಮೇಲೆತ್ತಿ ತಿರುಗಿಸಿ, ರಿಮ್ ಬ್ರೇಕ್ ಕಟ್ಟೆಯ ಹತ್ತಿರ ಎಲ್ಲಿ ಓಲಾಡುತ್ತದೆ ನೋಡುತ್ತೇನೆ. ಎಡಕ್ಕೆ ವಾಲಿದ್ದರೆ ಆ ಜಾಗದಲ್ಲಿ ಚಕ್ರದ ನಡುವಿನ ಹಬ್ಬಿನ ಬಲಬದಿಗೆ ಹೋಗುವ ಕಡ್ಡಿಗಳನ್ನು ಕಾಲು ಸುತ್ತು ಬಿಗಿ, ಎಡದವನ್ನು ಅಷ್ಟೇ ಸಡಿಲ ಮಾಡುತ್ತಾ ಬರಬೇಕು. ಆದರೆ ಎಡದ ಕಡ್ಡಿಗಳು ಮೊದಲೇ ಸಡಿಲವಿದ್ದು, ಆದರೂ ರಿಮ್ ಎಡಕ್ಕೇ ಹೋಗುತ್ತಿದ್ದರೆ ರಿಮ್ಮೇ ಬಾಗಿದೆ. ಅದು ಕಡ್ಡಿ ಎಳೆದರೆ ನೆಟ್ಟಗಾಗುವುದಿಲ್ಲ. ಹೊಸ ರಿಮ್ ಹಾಕಿ ಕಡ್ಡಿ ಕಟ್ಟಿಸುವ ಖರ್ಚನ್ನು ಅಲ್ಲೇ ಬೆಲೆಯಲ್ಲಿ ಮುರಿದುಕೊಳ್ಳಬೇಕು.

ಹೋದ ಬೇಸಿಗೆಯಲ್ಲಿ ಒಂದು 26 ಇಂಚಿನ, ಗೇರಿಲ್ಲದ ಸೈಕಲ್ ಸಿಕ್ಕಿತು. ಯಜಮಾನರು ಎರಡು ಸಾವಿರ ಹೇಳಿದರು. "ಸಾರ್, ಎರಡೂ ಟ್ಯೂಬ್ ಹೋಗಿದೆ, ಹಿಂದಿನ ಟೈರ್ ಸೀಳಿದೆ" ಅಂತ ತೋರಿಸಿದೆ. 1300ಕ್ಕೆ ಕೊಟ್ಟರು. ಟೈರಿಗೆ 350, ಟ್ಯೂಬುಗಳಿಗೆ 260, ಚೈನಿಗೆ 200, ಬ್ರೇಕ್ ಕಟ್ಟೆಗೆ 100, ಬಾಲ್ಸು ಮತ್ತು ಗ್ರೀಸಿಗೆ 90, ಒಟ್ಟು ಸಾವಿರ. ಹಬ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಬಾಲ್ಸನ್ನು ಒತ್ತಿ ಹಿಡಿಯುವ ಕೋನ್ ಕೂರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬಿಗಿಯಾದರೆ ಚಕ್ರ ಕಿರುಗುಟ್ಟಿ ಬೇಗ ನಿಲ್ಲುತ್ತದೆ, ಸಡಿಲವಾದರೆ ರಿಮ್ ಹಿಡಿದು ಅಲುಗಿಸಿದಾಗ ಕಟಕಟ ಅನ್ನುತ್ತದೆ. 3200ಕ್ಕೆ ಹೋಯಿತು, ಕೈಗೆ ಉಳಿದದ್ದು 900. ಪೇಂಟ್ ಹೊಡೆಯಲಿಲ್ಲ. ಹೊಸ ಪೇಂಟ್ ಕಂಡರೆ ಗಿರಾಕಿಗೆ ಒಳಗೇನೋ ಮುಚ್ಚಿಟ್ಟಿದ್ದಾನೆ ಅನ್ನೋ ಅನುಮಾನ, ಅದು ಸರಿಯಾದ ಅನುಮಾನವೇ.

ಕದ್ದ ಮಾಲು ಕೈಗೆ ಬಂದರೆ ಗೋಳು. ಹಾಗಾಗಿ ಪೆಡಲ್ ಆಕ್ಸೆಲ್ಲಿನ ಕೆಳಗೆ ಕೊರೆದಿರುವ ಫ್ರೇಮ್ ನಂಬರನ್ನು ಬರೆದುಕೊಂಡು, ಮಾರಿದವರಿಂದ ಒಂದು ಚೀಟಿಗೆ ಸಹಿ ಹಾಕಿಸಿಕೊಳ್ಳುತ್ತೇನೆ. ನಂಬರ್ ಉಜ್ಜಿಹಾಕಿದ್ದರೆ ಮಾತೇ ಇಲ್ಲ, ಎದ್ದು ಬರುತ್ತೇನೆ.